ಸರಳ ಬಡ್ಡಿ: 73ರ ಹಂಗು ಬಿಡೋಣ

ಸರಳ ಬಡ್ಡಿಯ ಪಾಠಯೋಜನೆಯಲ್ಲಿ ನಾವು ಪ್ರಶಿಕ್ಷಣಾರ್ಥಿಗಳು ಸೂತ್ರಕ್ಕೇ ಹೆಚ್ಚು ಸಮಯ ಕೊಡುತ್ತೇವೆ. ಎರಡು ದಿನಾಂಕಗಳ ನಡುವಿನ ಬಡ್ಡಿಯ ಲೆಕ್ಕ ಬರುವ ಹೊತ್ತಿಗೆ ಗಂಟೆ ಹೊಡೆಯಲು ಐದು ನಿಮಿಷ ಉಳಿದಿರುತ್ತದೆ. ಮಕ್ಕಳು ತಪ್ಪುವುದು ಮಾತ್ರ ಸೂತ್ರದಲ್ಲಲ್ಲ, ದಿನ ಎಣಿಸುವುದರಲ್ಲಿ.

ಅಭ್ಯಾಸ ಪುಸ್ತಕಗಳಲ್ಲಿರುವ ಇಂಥ ಲೆಕ್ಕಗಳನ್ನು ಗಮನಿಸಿ. ಉತ್ತರದ ದಿನಗಳು ಬಹುಪಾಲು 73, 146 ಇಲ್ಲವೇ 219. 365 ಎಂದರೆ 73ರ ಐದು ಪಟ್ಟು, ಆದ್ದರಿಂದ ಭಿನ್ನರಾಶಿ 1/5, 2/5, 3/5 ಎಂದು ಚೊಕ್ಕವಾಗಿ ಬರುತ್ತದೆ. ಭಾಗಾಕಾರ ಸುಲಭವಾಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ನನ್ನ ಅಭ್ಯಾಸ ಬೋಧನೆಯ ತರಗತಿಯಲ್ಲಿ ಒಬ್ಬ ಹುಡುಗ 74 ಎಂದು ಬರೆದು, ಮರುಕ್ಷಣವೇ ಅದನ್ನು ಅಳಿಸಿ 73 ಮಾಡಿದ. ಎಲ್ಲಿ ತಪ್ಪಿತು ಎಂದು ಹುಡುಕಲಿಲ್ಲ. ‘73 ಬರ್ಬೇಕಲ್ಲ ಮಿಸ್’ ಎಂದ. ಅವನ ಉತ್ತರಕ್ಕೆ ಪೂರ್ಣ ಅಂಕ ಸಿಗುತ್ತದೆ, ಎಣಿಕೆ ಮಾತ್ರ ಬಂದಿಲ್ಲ.

ಆ 74 ಬಂದದ್ದು ಠೇವಣಿ ಇಟ್ಟ ದಿನವನ್ನೂ ತೆಗೆದ ದಿನವನ್ನೂ ಸೇರಿಸಿಕೊಂಡಿದ್ದರಿಂದ. ‘ಇಟ್ಟ ದಿನ ಬಿಡಿ, ತೆಗೆದ ದಿನ ಹಿಡಿಯಿರಿ’ ಎಂದು ನಿಯಮ ಬರೆಸಿದರೆ ಪರೀಕ್ಷೆಯಲ್ಲಿ ಅದು ತಿರುವುಮುರುವಾಗುತ್ತದೆ. ನನಗೆ ಒಗ್ಗಿದ ದಾರಿ ರಾತ್ರಿಗಳನ್ನು ಎಣಿಸುವುದು. ಸೋಮವಾರ ಇಟ್ಟು ಮಂಗಳವಾರ ತೆಗೆದರೆ ಹಣ ಎಷ್ಟು ರಾತ್ರಿ ಅಲ್ಲಿತ್ತು? ಒಂದೇ. ಹಾಗಾಗಿ ಒಂದೇ ದಿನದ ಬಡ್ಡಿ.

ಇದನ್ನೂ ಒಪ್ಪದ ಮಕ್ಕಳಿಗೆ ಅವಧಿಯನ್ನು ಮುರಿದು ತೋರಿಸಬೇಕು. 2023ರ ಮೇ 12ರಿಂದ ಸೆಪ್ಟೆಂಬರ್ 8ರವರೆಗಿನ ಠೇವಣಿ ತೆಗೆದುಕೊಳ್ಳೋಣ. ಮೇ ತಿಂಗಳಲ್ಲಿ 31ರಲ್ಲಿ 12 ಕಳೆದು 19, ಜೂನ್ 30, ಜುಲೈ 31, ಆಗಸ್ಟ್ 31, ಸೆಪ್ಟೆಂಬರ್ 8. ಒಟ್ಟು 119 ದಿನ. ಈಗ ಜೂನ್ 30ರಂದು ಹಣ ತೆಗೆದು ಅಂದೇ ಮತ್ತೆ ಇಟ್ಟಿದ್ದರೆ? ಮೊದಲ ಭಾಗ 49 ದಿನ, ಎರಡನೆಯದು 70, ಕೂಡಿದರೆ ಅದೇ 119. ಎರಡೂ ತುದಿ ಎಣಿಸುವವರಿಗೆ ಇಡೀ ಅವಧಿ 120 ದಿನ, ಮುರಿದಾಗ 50 ಮತ್ತು 71 ಸೇರಿ 121. ಸುಮ್ಮನೆ ತೆಗೆದು ಇಟ್ಟಿದ್ದಕ್ಕೇ ಒಂದು ದಿನದ ಬಡ್ಡಿ ಹೆಚ್ಚು ಬಂತು! ಇಲ್ಲಿ ಮಕ್ಕಳೇ ನಗುತ್ತಾರೆ. ಆಮೇಲೆ ನಿಯಮ ಬರೆಸುವ ಅಗತ್ಯ ಬೀಳುವುದಿಲ್ಲ.

73 ಬಿಟ್ಟರೆ ಭಾಗಾಕಾರ ಗಬ್ಬೆದ್ದು ಹೋಗುವುದಿಲ್ಲವೇ ಎಂದು ಸಹಪಾಠಿಗಳು ಕೇಳಿದರು. ಸುಲಭ ಮಾಡಬೇಕಾದ್ದು ದಿನಗಳನ್ನಲ್ಲ, ಅಸಲನ್ನು. ಅಸಲು ₹36,500, ದರ ವಾರ್ಷಿಕ ಶೇಕಡ 8 ಎಂದು ಕೊಡಿ. ವರ್ಷದ ಬಡ್ಡಿ ₹2,920. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸರಿಯಾಗಿ ₹8. ಮೇಲಿನ ಅವಧಿಗೆ ಬಡ್ಡಿ 119 × 8 = ₹952. ಇನ್ನು ಯಾವ ದಿನಾಂಕ ಕೊಟ್ಟರೂ ಪೈಸೆ ಬರುವುದಿಲ್ಲ, ಊಹೆಗೂ ಎಡೆಯಿಲ್ಲ.

ಇದರ ದೊಡ್ಡ ಲಾಭ ಉತ್ತರ ತಿದ್ದುವಾಗ ಕಾಣುತ್ತದೆ. ₹960 ಬರೆದವರು ಎರಡೂ ತುದಿ ಎಣಿಸಿದ್ದಾರೆ. ₹928 ಬರೆದವರು ಎಲ್ಲ ತಿಂಗಳಿಗೂ 30 ದಿನ ಹಿಡಿದು, ಮೂರು ತಿಂಗಳು 26 ದಿನ ಎಂದು 116ಕ್ಕೆ ಬಂದಿದ್ದಾರೆ. ₹944 ಮಾತ್ರ ಗೊಂದಲದ್ದು. ಎರಡೂ ತುದಿ ಬಿಟ್ಟರೂ 118, ಜುಲೈ ಆದಮೇಲೆ ಆಗಸ್ಟಿಗೆ 30 ಎಂದುಕೊಂಡರೂ 118. ಅದಕ್ಕೇ ತಿಂಗಳವಾರು ಎಣಿಕೆಯನ್ನು ಬದಿಯಲ್ಲಿ ಬರೆಯಲೇಬೇಕೆಂದು ಹೇಳಿ, ಅದಕ್ಕೆ ಒಂದು ಅಂಕ ಇಡುವುದು ಒಳ್ಳೆಯದು.

ಪ್ರಶ್ನೆ ತೆಗೆಯುವಾಗ ದಿನಾಂಕಗಳನ್ನು ತೂಗಿ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2024ರ ಜನವರಿ 11ರಿಂದ ಜೂನ್ 5ರವರೆಗಿನ ಅವಧಿ ಸಾಕು. ಫೆಬ್ರವರಿಗೆ 29 ಹಿಡಿದು ಸರಿಯಾಗಿ ಎಣಿಸಿದರೆ 146 ದಿನ, ಅಂದರೆ 365ರಲ್ಲಿ 2/5. ತಿಂಗಳಿಗೆ 30, ವರ್ಷಕ್ಕೆ 360 ಎಂದುಕೊಂಡ ಮಗುವಿಗೆ 144 ದಿನ, ಅದೂ 360ರಲ್ಲಿ 2/5. ದಾರಿ ಬೇರೆ, ಬಡ್ಡಿ ಒಂದೇ. ಅಧಿಕ ವರ್ಷ ಗೊತ್ತಿದೆಯೇ ಎಂದು ಪರೀಕ್ಷಿಸಲು ಕೊಟ್ಟ ಪ್ರಶ್ನೆ, ಕ್ಯಾಲೆಂಡರನ್ನೇ ನೋಡದವರನ್ನೂ ಪಾಸು ಮಾಡುತ್ತದೆ.

ಅಧಿಕ ವರ್ಷದ ಪ್ರಶ್ನೆಯಲ್ಲಿ ಇನ್ನೊಂದು ಮಾತು. ದಿನಗಳನ್ನು ಕ್ಯಾಲೆಂಡರಿನಂತೆ ಎಣಿಸುವುದು ಒಂದು, ಯಾವುದರಿಂದ ಭಾಗಿಸಬೇಕು ಎಂಬುದು ಬೇರೆ. 365 ಎಂದೂ ಭಾಗಿಸಬಹುದು, 366 ಎಂದೂ ಭಾಗಿಸಬಹುದು. ಅದು ಠೇವಣಿಯ ಷರತ್ತಿಗೆ ಬಿಟ್ಟದ್ದು. ಆದ್ದರಿಂದ ‘ವರ್ಷಕ್ಕೆ 365 ದಿನ ಎಂದು ಭಾವಿಸಿ’ ಎಂಬ ಸಾಲನ್ನು ಪ್ರಶ್ನೆಯಲ್ಲೇ ಬರೆಯಬೇಕು. ಆ ಸಾಲಿಲ್ಲದೆ 366 ಬಳಸಿದ ವಿದ್ಯಾರ್ಥಿಯ ಅಂಕ ಕಳೆಯುವುದು ನ್ಯಾಯವಲ್ಲ.

ಇಷ್ಟಕ್ಕೂ ದಿನದ ಎಣಿಕೆ ಪುಸ್ತಕದ ಕಸರತ್ತಲ್ಲ. 2010ರ ಏಪ್ರಿಲ್ 1ರಿಂದ ಬ್ಯಾಂಕುಗಳು ಉಳಿತಾಯ ಖಾತೆಯ ಬಡ್ಡಿಯನ್ನು ಪ್ರತಿದಿನದ ಶಿಲ್ಕಿನ ಮೇಲೆಯೇ ಲೆಕ್ಕ ಹಾಕುತ್ತಿವೆ. ಅದಕ್ಕೂ ಮೊದಲು ತಿಂಗಳ 10ರಿಂದ ಕೊನೆಯ ದಿನದವರೆಗಿನ ಕನಿಷ್ಠ ಶಿಲ್ಕನ್ನು ಹಿಡಿಯುತ್ತಿದ್ದರು. ಆಗ 12ರಂದು ಹಣ ಕಟ್ಟಿದವರಿಗೆ ಆ ತಿಂಗಳು ಅದರ ಮೇಲೆ ಬಡ್ಡಿಯೇ ಇರಲಿಲ್ಲ. ಈಗಿನ ಲೆಕ್ಕದಲ್ಲಿ ಅದೇ ಹಣಕ್ಕೆ, ಮೇ 12 ಆಗಿದ್ದರೆ, ಆ ತಿಂಗಳ ಉಳಿದ ದಿನಗಳಿಗೂ ಬಡ್ಡಿ ಸಿಗುತ್ತದೆ.