ಕ್ಯಾನ್ಸಲ್ ಮಾಡಿದ ಮೇಲೂ ಕಟ್ ಆದ ದುಡ್ಡು

ಮಾರ್ಚ್ 12ರ ಬೆಳಿಗ್ಗೆ ಕಾಫಿ ಕುಡೀತಾ ಕೂತಿದ್ದೆ, ಮೊಬೈಲು ಟಿಣ್ ಅಂತು. ಕ್ರೆಡಿಟ್ ಕಾರ್ಡಿನಿಂದ 1,499 ರೂಪಾಯಿ ಹೋಗಿತ್ತು. ಸಿನಿಮಾ ತೋರಿಸುವ ಒಂದು ಆಪ್‌ನ ವರ್ಷದ ಚಂದಾ. ಅದನ್ನು ನಾನು ಮಾರ್ಚ್ 3ರಂದೇ ಕ್ಯಾನ್ಸಲ್ ಮಾಡಿದ್ದೆ! ಕಂಪನಿಯ ಹೆಸರು ಬೇಡ ಬಿಡಿ.

ದುಡ್ಡು ವಾಪಸ್ ಕೊಡಿ ಅಂತ ಬರೆದೆ. "ನವೀಕರಣ ಆದ ಮೇಲೆ ಹಣ ಹಿಂದಿರುಗಿಸುವುದಿಲ್ಲ, ಇದು ನಮ್ಮ ನಿಯಮ" ಅಂತ ಉತ್ತರ ಬಂತು. ಬಹಳ ಜನ ಇಲ್ಲಿಗೇ ಸುಮ್ಮನಾಗ್ತಾರೆ. ನನ್ನ ತಕರಾರು ಇರೋದೇ ಇಲ್ಲಿ. ನವೀಕರಣ ಆಗಲು ಬಿಟ್ಟು, ಆಮೇಲೆ ಮನಸ್ಸು ಬದಲಿಸಿದವರಿಗೆ ಆ ನಿಯಮ ಅನ್ವಯಿಸಲಿ. ಒಂಬತ್ತು ದಿನ ಮೊದಲೇ ಬೇಡ ಅಂದವನಿಗೆ ಅದು ಹೇಗೆ ಅನ್ವಯಿಸುತ್ತೆ?

ಹಾಗಾಗಿ ಎರಡನೇ ಪತ್ರದಲ್ಲಿ ಸಿಟ್ಟು ಬಿಟ್ಟು ಬರೀ ತಾರೀಕು ಬರೆದೆ: "ಮಾರ್ಚ್ 3ಕ್ಕೆ ರದ್ದು, ನಿಮ್ಮ ದೃಢೀಕರಣ ಮೇಲ್ ಲಗತ್ತಿಸಿದ್ದೇನೆ. ಮಾರ್ಚ್ 12ಕ್ಕೆ ಹಣ ಕಡಿತ. ಅದಾದ ಮೇಲೆ ನಾನು ಏನನ್ನೂ ನೋಡಿಲ್ಲ. ಪೂರ್ತಿ ಹಣ ಅದೇ ಕಾರ್ಡಿಗೆ ವಾಪಸ್ ಮಾಡಿ." ಏಳನೇ ದಿನ ದುಡ್ಡು ಬಂತು.

ಕೆಲಸ ಮಾಡಿದ್ದು ಆ ದೃಢೀಕರಣ ಮೇಲ್. ಕ್ಯಾನ್ಸಲ್ ಒತ್ತಿದ ಕೂಡಲೇ "ಯಾಕೆ ಬಿಡ್ತೀರಿ?" ಅನ್ನೋ ಪುಟ, ಆಮೇಲೆ "ಅರ್ಧ ಬೆಲೆಗೆ ಕೊಡ್ತೀವಿ" ಅನ್ನೋ ಪುಟ ಬರುತ್ತೆ. ಅಲ್ಲೇ ಕಿಟಕಿ ಮುಚ್ಚಿದರೆ ಏನೂ ರದ್ದಾಗಿರಲ್ಲ. ಆಪ್ ಅಳಿಸಿದರಂತೂ ಚಂದಾ ತನ್ನ ಪಾಡಿಗೆ ನಡೀತಾನೇ ಇರುತ್ತೆ. ಮೇಲ್ ಬರದಿದ್ದರೆ ರದ್ದಾಗಿಲ್ಲ ಅಂತಲೇ ತಿಳ್ಕೊಳ್ಳಿ. 2023ರಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿ ಇಂಥ ಚಂದಾ ಬಲೆಯನ್ನು ಮೋಸದ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ.

ನನ್ನ ತಪ್ಪೂ ಒಂದಿದೆ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ, ಹೀಗೆ ತಾನಾಗಿ ಹಣ ಕಡಿಯುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ತಿಳಿಸಬೇಕು, ಬೇಡ ಅನ್ನೋಕೆ ದಾರಿಯನ್ನೂ ಕೊಡಬೇಕು. 11ಕ್ಕೆ ಮೆಸೇಜ್ ಬಂದಿತ್ತು, ಜಾಹೀರಾತು ಅಂತ ಬಿಟ್ಟೆ. ಕಂಪನಿಯಲ್ಲಿ ಚಂದಾ ರದ್ದು ಮಾಡೋದು ಒಂದು, ಬ್ಯಾಂಕಿಗೆ ಕೊಟ್ಟ ಅನುಮತಿ ರದ್ದು ಮಾಡೋದು ಇನ್ನೊಂದು. ಎರಡೂ ಮಾಡಿದ್ರೆ ನಿಶ್ಚಿಂತೆ. ಹಾಗಂತ ನಾನು ಎರಡನೇ ಬಾಗಿಲು ಹಾಕಲಿಲ್ಲ ಅನ್ನೋದು ಕಂಪನಿಗೆ ದುಡ್ಡು ಇಟ್ಕೊಳ್ಳೋಕೆ ಕಾರಣ ಆಗಲ್ಲ.

ಕಂಪನಿ ಒಪ್ಪದಿದ್ದರೆ ತಡ ಮಾಡದೆ ಬ್ಯಾಂಕಿಗೆ ಬರೀರಿ. ಆದರೆ "ಯಾರೋ ಕದ್ದರು" ಅನ್ನಬೇಡಿ, ಕಾರ್ಡ್ ಬ್ಲಾಕ್ ಆಗುತ್ತೆ, ದೂರೂ ದಾರಿ ತಪ್ಪುತ್ತೆ. "ರದ್ದಾದ ಚಂದಾಕ್ಕೆ ಹಣ ಕಡಿದಿದ್ದಾರೆ" ಅಂತ ನೇರವಾಗಿ ಹೇಳಿ, ಆ ಮೇಲ್ ಜೊತೆಗಿಡಿ. ಗ್ರಾಹಕ ಸಹಾಯವಾಣಿ 1915 ಕೂಡ ಇದೆ.

ಸೇರೋಕೆ ಒಂದೇ ಕ್ಲಿಕ್ಕು ಸಾಕಾದ್ರೆ ಬಿಡೋಕೂ ಒಂದೇ ಸಾಕಲ್ವಾ? ನಿಮಗೂ ಹೀಗಾಗಿದ್ಯಾ, ಹೇಳಿ..