ಹವಾಮಾನವೋ, ವಾಯುಗುಣವೋ?

ಆಳಂದದ ತೊಗರಿ ಬೆಳೆಗಾರನು ಮುಂಜಾನೆ ಮುಗಿಲನ್ನು ನೋಡಿ, “ಇಂದು ಹವಾ ಸರಿಯಿಲ್ಲ” ಎನ್ನುತ್ತಾನೆ. ‘ಹವಾ’ ಎಂಬುದು ಅರಬ್ಬಿಯಿಂದ ಬಂದ ಮಾತು. ನಿಜಾಮರ ಕಾಲದಲ್ಲಿ ಉರ್ದು ಆಡಳಿತ ಭಾಷೆಯಾಗಿದ್ದ ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯಲ್ಲಿ ಅದು ಎಂದೋ ಮನೆಮಾತಾಗಿದೆ. ಅದರೊಡನೆ ಸಂಸ್ಕೃತದ ‘ಮಾನ’ ಸೇರಿ ‘ಹವಾಮಾನ’ವಾದಾಗ ಅದು ಕಸಿಮಾಡಿದ ಪದವೆಂದು ಯಾರಿಗೂ ತೋರದು. ಪರಭಾಷೆಯ ಪದ ಬಂದೊಡನೆ ಕನ್ನಡ ಕೆಡುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಆದರೆ ಇದೇ ಪದವು ಭಾಷಾಂತರಕಾರನನ್ನು ತೊಡಕಿಗೆ ಸಿಲುಕಿಸುವುದುಂಟು. ಭೂಮಿಯು ಬಿಸಿಯಾಗುತ್ತಿರುವುದನ್ನು ಕುರಿತ ಇಂಗ್ಲಿಷ್ ಲೇಖನವೊಂದು ಅವನ ಮುಂದಿದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ‘ವೆದರ್’, ‘ಕ್ಲೈಮೇಟ್’ ಎಂಬ ಎರಡು ಪದಗಳಿವೆ. ನಮ್ಮ ಪತ್ರಿಕೆಗಳು ಎರಡಕ್ಕೂ ‘ಹವಾಮಾನ’ ಎಂದೇ ಬರೆಯುವುದು ವಾಡಿಕೆ. ಹಾಗೆಯೇ ಅನುವಾದಿಸಿದರೆ ಲೇಖನದ ಮುಖ್ಯ ವಾಕ್ಯ ಹೀಗಾಗುತ್ತದೆ: ‘ಒಂದು ವಾರದ ಹವಾಮಾನವನ್ನು ನೋಡಿ ಹವಾಮಾನ ಬದಲಾಗಿಲ್ಲವೆಂದು ಹೇಳಲಾಗದು.’ ಓದುಗನಿಗೆ ಇದು ಒಗಟಿನಂತೆ ಕೇಳುತ್ತದೆ. ವ್ಯಾಕರಣದಲ್ಲಿ ತಪ್ಪಿಲ್ಲ, ವಿಜ್ಞಾನ ಮಾತ್ರ ಮಾಯವಾಗಿದೆ.

ಭೂಗೋಳದ ಪಾಠಗಳಲ್ಲಿ ಇದಕ್ಕೆ ಪರಿಹಾರವಿದೆ. ಇಂದಿನ ಬಿಸಿಲು, ನಾಳಿನ ಮಳೆ ಹವಾಮಾನ; ಒಂದು ಪ್ರದೇಶದಲ್ಲಿ ಸಾಮಾನ್ಯವಾಗಿ ಮೂವತ್ತು ವರ್ಷಗಳ ಮಳೆ, ಬಿಸಿಲು, ಗಾಳಿಗಳ ಲೆಕ್ಕದಿಂದ ತಿಳಿದುಬರುವ ಸರಾಸರಿ ಸ್ಥಿತಿ ವಾಯುಗುಣ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಊರುಗಳಿಗೆ ನೀರು ನುಗ್ಗಿತು. ಅದಕ್ಕೆ ಕಾರಣವಾದ ಮಳೆ ಹವಾಮಾನಕ್ಕೆ ಸೇರಿದ್ದು. ಅಂಥ ಮಳೆ ಹಿಂದಿಗಿಂತ ಹೆಚ್ಚು ಸಲ ಬರುತ್ತಿದೆಯೇ ಎಂಬ ಪ್ರಶ್ನೆ ವಾಯುಗುಣಕ್ಕೆ ಸೇರಿದ್ದು. ಒಂದು ನೆರೆಯನ್ನು ನೋಡಿ ಅದಕ್ಕೆ ಉತ್ತರ ಹೇಳಲಾಗದು. ಇಲ್ಲಿ ‘ಕ್ಲೈಮೇಟ್’ ಎಂಬುದನ್ನು ಹಾಗೆಯೇ ಇರಿಸಿಕೊಳ್ಳುವ ಅಗತ್ಯವಿಲ್ಲ. ‘ವಾಯುಗುಣ’ ಎಂಬುದನ್ನು ಮೊದಲ ಸಲ ಬಳಸುವಾಗ ಅರ್ಥ ತಿಳಿಸಿ, ಕೊನೆಯವರೆಗೂ ಅದನ್ನೇ ಬಳಸಿದರೆ ಸಾಕು. ನಡುವೆ ಅಂದಕ್ಕಾಗಿ ‘ಹವೆ’, ‘ಹವಾಗುಣ’ ಎಂದು ಪದ ಬದಲಿಸುವುದು ಕಾವ್ಯದಲ್ಲಿ ಗುಣವಾದೀತು, ಇಲ್ಲಿ ದೋಷ.

‘ಹಸಿರುಮನೆ’ಯ ಕಥೆ ಬೇರೆ. ಇದು ‘ಗ್ರೀನ್‌ಹೌಸ್’ ಎಂಬುದರ ಪಡಿಯಚ್ಚು. ಚಳಿನಾಡುಗಳಲ್ಲಿ ಗಿಡಗಳನ್ನು ಕಾಪಾಡಲು ಕಟ್ಟುವ ಗಾಜಿನ ಮನೆಗೆ ಅಲ್ಲಿಯವರು ಇಟ್ಟ ಹೆಸರದು. ಅಂಥದನ್ನು ಕಾಣದ ಜೇವರ್ಗಿಯ ಬಾಲಕನಿಗೆ ಹಸಿರು ಬಣ್ಣ ಬಳಿದ ಮನೆ ನೆನಪಾದರೆ ತಪ್ಪು ಅವನದಲ್ಲ. ಮೇಲಾಗಿ ಹೋಲಿಕೆಯೇ ಪೂರ್ತಿ ಸರಿಯಲ್ಲ. ಗಾಜಿನ ಮನೆ ಬೆಚ್ಚಗಿರುವುದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಹೊರಹೋಗದಂತೆ ತಡೆಯುವುದರಿಂದ. ಆಕಾಶದಲ್ಲಿ ನಡೆಯುವುದು ಅದಲ್ಲ: ನೆಲ ಹೊರಸೂಸುವ ಶಾಖಕಿರಣಗಳನ್ನು ಕೆಲವು ಅನಿಲಗಳು ಹೀರಿಕೊಂಡು, ಅದರಲ್ಲಿ ಒಂದು ಪಾಲನ್ನು ಮತ್ತೆ ನೆಲಕ್ಕೆ ಕಳಿಸುತ್ತವೆ. ಇದನ್ನು ತಿಳಿಸಲು ಎರೆಹೊಲದ ರೈತನ ಅನುಭವವೇ ಸಾಕು. ಚಳಿಗಾಲದಲ್ಲಿ ಮುಗಿಲು ಶುಭ್ರವಾಗಿರುವ ರಾತ್ರಿ ಚಳಿ ಕೊರೆಯುತ್ತದೆ. ಮೋಡ ಕವಿದ ರಾತ್ರಿ ಅಷ್ಟು ಚಳಿಯಿರದು. ನೆಲದ ಶಾಖವನ್ನು ಮೋಡವೂ ನೀರಾವಿಯೂ ಹಿಡಿದು ಹಿಂದಿರುಗಿಸುವುದೇ ಇದಕ್ಕೆ ಕಾರಣ. ಆದುದರಿಂದ ‘ಶಾಖ ಹಿಡಿಯುವ ಅನಿಲ’ ಎಂಬ ಸರಳ ಮಾತು ‘ಹಸಿರುಮನೆ ಅನಿಲ’ಕ್ಕಿಂತ ಮೇಲು. ಪಠ್ಯಗಳಲ್ಲಿ ಎರಡನೆಯದು ಬಳಕೆಯಲ್ಲಿರುವುದರಿಂದ ಒಮ್ಮೆ ಅದನ್ನೂ ಹೇಳಿ ಮುಂದುವರಿಯಬಹುದು.

ಎಲ್ಲವನ್ನೂ ಕನ್ನಡಿಸಬೇಕೆಂಬ ಹಟವೂ ಸಲ್ಲದು. ಹಳೆಯ ಪುಸ್ತಕಗಳಲ್ಲಿ ‘ಇಂಗಾಲಾಮ್ಲ’ ಎಂಬ ಪದ ಕಾಣಸಿಗುತ್ತದೆ. ಕೇಳಲು ಇಂಪಾಗಿದೆ, ಆದರೆ ಆ ಅನಿಲವು ತಾನಾಗಿ ಆಮ್ಲವಲ್ಲ, ನೀರಿನಲ್ಲಿ ಕರಗಿದಾಗ ದುರ್ಬಲ ಆಮ್ಲವಾಗುತ್ತದೆ. ‘ಇಂಗಾಲದ ಡೈಆಕ್ಸೈಡ್’ ಎಂಬುದು ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಪಂಡಿತರು ಮೂಗು ಮುರಿದಾರು. ಆದರೂ ಅದೇ ಉಚಿತ. ‘ಡೈ’ ಎಂದರೆ ಎರಡು. ಇಂಗಾಲದ ಒಂದು ಪರಮಾಣುವಿಗೆ ಆಮ್ಲಜನಕದ ಎರಡು ಪರಮಾಣುಗಳೆಂಬುದು ಹೆಸರಿನಲ್ಲೇ ಇದೆ. ಒಂದೇ ಪರಮಾಣು ಸೇರಿದರೆ ಅದು ‘ಮಾನಾಕ್ಸೈಡ್’, ಪ್ರಾಣ ತೆಗೆಯುವ ವಿಷ. ರಸಾಯನಶಾಸ್ತ್ರದ ಹೆಸರುಗಳು ಹೀಗೆ ಒಂದು ಕಟ್ಟಳೆಗೆ ಒಳಪಟ್ಟಿವೆ. ಅವುಗಳಲ್ಲಿ ಒಂದನ್ನು ಕಿತ್ತು ಹೊಸದನ್ನಿಟ್ಟರೆ ಕಟ್ಟಳೆ ಮುರಿಯುತ್ತದೆ.

ಅಂಕೆಗಳ ವಿಷಯದಲ್ಲಿ ಮಾತ್ರ ಎರವಲು ಬೇಡವೇ ಬೇಡ. ಕೈಗಾರಿಕೆಗಳು ಬೆಳೆಯುವ ಮೊದಲು ಗಾಳಿಯಲ್ಲಿ ಈ ಅನಿಲ ಸುಮಾರು 280 ‘ಪಾರ್ಟ್ಸ್ ಪರ್ ಮಿಲಿಯನ್’ ಇತ್ತು, ಈಗ 420ನ್ನು ದಾಟಿದೆ ಎಂದು ಬರೆದರೆ ಅಫಜಲಪುರದ ಓದುಗ ಅಲ್ಲಿಯೇ ನಿಲ್ಲುತ್ತಾನೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ 280 ಭಾಗವಿದ್ದುದು 420ನ್ನು ದಾಟಿದೆ ಎಂದರೆ, ಒಂದೂವರೆ ಪಟ್ಟಾಯಿತೆಂದು ಅವನೇ ಲೆಕ್ಕ ಹಾಕಿಕೊಳ್ಳುತ್ತಾನೆ.