ಫೋನಿನ ಕನ್ನಡ ಯಾರಿಗೆ?



ಸರ್ಕಾರದ ಒಂದೊಂದೇ ಸೇವೆ ಆ್ಯಪ್‌ಗೆ ಬರುತ್ತಿದೆ. ಎಲ್ಲವೂ ಕನ್ನಡದಲ್ಲೇ ಇದೆ ಎಂದು ಇಲಾಖೆಗಳು ಹೇಳಿಕೊಳ್ಳುತ್ತವೆ. ಅದರ ಬಗ್ಗೆ ನನ್ನ ತಕರಾರಿದೆ. ಆಂಡ್ರಾಯ್ಡ್ ಫೋನಿಗೆ ಕನ್ನಡ ಬಂದದ್ದು 2014ರಲ್ಲಿ, 5.0 ಆವೃತ್ತಿಯ ಜೊತೆಗೆ. ಇಷ್ಟು ವರ್ಷವಾದರೂ ನಮ್ಮ ಕಡೆ ಅರವತ್ತು ದಾಟಿದ ಎಷ್ಟೋ ಮಂದಿ ಫೋನನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡು ಮೊಮ್ಮಕ್ಕಳ ಕೈಗೆ ಕೊಡುತ್ತಾರೆ. ಕನ್ನಡಕ್ಕೆ ಬದಲಾಯಿಸಿಕೊಟ್ಟರೆ "ಇದು ಇನ್ನೂ ಕಷ್ಟ ಕಣಪ್ಪ" ಅನ್ನುತ್ತಾರೆ.

ಜಮೀನಿನ ಬೆಳೆ ದಾಖಲಿಸುವ ಆ್ಯಪ್ ತೆರೆದಾಗ ಏನಾಗುತ್ತದೆ ನೋಡಿ. ಸಾಧನದ ಸ್ಥಳವನ್ನು ಪ್ರವೇಶಿಸಲು ಅನುಮತಿಸುವುದೇ ಎಂಬ ಧಾಟಿಯ ಪ್ರಶ್ನೆ ಬರುತ್ತದೆ. ನಮ್ಮಲ್ಲಿ ಅನುಮತಿ ಅಂದರೆ ಮನೆ ಕಟ್ಟುವಾಗ ಪಂಚಾಯಿತಿಯಿಂದ ತರುವಂಥದ್ದು, ಮೇಲಿನವರು ಕೊಡುವಂಥದ್ದು. ಹಾಗಾಗಿ ರೈತರು ತಾವೇ ಏನೋ ಕೇಳುತ್ತಿದ್ದೇವೆ ಅಂದುಕೊಳ್ಳುತ್ತಾರೆ. ಕೇಳುತ್ತಿರುವುದು ಆ್ಯಪ್, ಕೊಡಬೇಕಾದವರು ತಾವು ಎಂಬುದು ಹೊಳೆಯುವುದೇ ಇಲ್ಲ. ಯಾಕೆ ಬೇಕು ರಗಳೆ ಎಂದು ಬೇಡ ಅನ್ನುವ ಗುಂಡಿ ಒತ್ತುತ್ತಾರೆ. ಆಂಡ್ರಾಯ್ಡ್ 11ರಿಂದ ಈಚೆಗೆ ಎರಡು ಸಲ ಹಾಗೆ ಒತ್ತಿದರೆ ಆ ಪ್ರಶ್ನೆ ಮತ್ತೆ ಬರುವುದೇ ಇಲ್ಲ. ಹೊಲದ ನಡುವೆಯೇ ನಿಂತಿದ್ದರೂ ಆ್ಯಪ್‌ಗೆ ಜಾಗ ಗೊತ್ತಾಗುವುದಿಲ್ಲ. ಆ್ಯಪೇ ಕೆಟ್ಟಿದೆ ಎಂದು ಅದನ್ನು ಬೈದು ಮನೆಗೆ ಬರುತ್ತಾರೆ.

ಹೀಗಾಗಿದ್ದರೆ ಆ್ಯಪಿನ ಚಿತ್ರವನ್ನು ಒತ್ತಿ ಹಿಡಿಯಬೇಕು. ಅದರ ಮಾಹಿತಿ ಪುಟ ತೆರೆದು, ಅನುಮತಿಗಳ ಪಟ್ಟಿಯಲ್ಲಿ ಸ್ಥಳ ಆರಿಸಿ, ಬಳಸುವಾಗ ಮಾತ್ರ ಎಂದಿರುವುದನ್ನು ಒತ್ತಬೇಕು. ಇದನ್ನು ಹೇಳಿಕೊಡಲು ಪ್ರತಿ ಊರಲ್ಲೂ ಒಬ್ಬ ಕಾಲೇಜು ಹುಡುಗ ಬೇಕೇ?

ಇದಕ್ಕೆ ಹೊಸ ಪದ ಟಂಕಿಸುವ ಸಮಿತಿಯೇನೂ ಬೇಡ. ಕನ್ನಡದಲ್ಲಿ ಒಪ್ಪಿಗೆ ಕೊಡುವುದಕ್ಕೆ ಕ್ರಿಯಾಪದದ ಒಂದು ರೂಪವೇ ಇದೆ: ಬರಲಿ, ಹೋಗಲಿ, ನೋಡಲಿ. "ನೀವು ಈಗ ಎಲ್ಲಿದ್ದೀರಿ ಎಂದು ಈ ಆ್ಯಪ್ ನೋಡಬಹುದೇ?" ಎಂದು ಕೇಳಿ, ಕೆಳಗೆ "ಬಳಸುವಾಗ ನೋಡಲಿ", "ಈ ಸಲ ಮಾತ್ರ ನೋಡಲಿ", "ಬೇಡ" ಎಂದು ಬರೆದರೆ ಯಾರು ಯಾರಿಗೆ ಒಪ್ಪಿಗೆ ಕೊಡುತ್ತಿದ್ದಾರೆಂದು ತಾನಾಗಿಯೇ ತಿಳಿಯುತ್ತದೆ.

ನೋಟಿಫಿಕೇಶನ್ನಿಗೆ ಕೆಲವು ಆ್ಯಪ್‌ಗಳು 'ಅಧಿಸೂಚನೆ' ಎಂದು ಬರೆಯುತ್ತವೆ. ಬರೆದವರು ನಮ್ಮ ಜಿಲ್ಲೆಗೆ ಬಂದವರಲ್ಲ ಅನಿಸುತ್ತದೆ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನದ ಅಧಿಸೂಚನೆ ವಿರುದ್ಧ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಇಂಥ ಕಡೆ ಫೋನು "ನಿಮಗೆ 3 ಅಧಿಸೂಚನೆಗಳಿವೆ" ಎಂದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ? "ಹೊಸ ಸುದ್ದಿ ಬಂದರೆ ತಿಳಿಸಲಿ" ಎಂದು ಬರೆದರೆ ಸಾಕು. ನೋಟಿಫಿಕೇಶನ್ ಎಂದೇ ಬಿಟ್ಟರೂ ನನ್ನ ಅಡ್ಡಿಯಿಲ್ಲ, ಆ ಮಾತು ಹಾಲಿನ ಡೇರಿಯವರೆಗೂ ಬಂದಾಗಿದೆ. ಟಾಗಲ್ ಮಾತ್ರ ಯಾರ ಬಾಯಲ್ಲೂ ಇಲ್ಲ. ಅದು ಸ್ವಿಚ್ಚು, ಆನ್ ಮಾಡಿ, ಆಫ್ ಮಾಡಿ ಅಂದರೆ ಆಯಿತು.

ನಿಜವಾದ ನಷ್ಟವಾಗುವುದು 'ಸಿಂಕ್' ಎಂಬಲ್ಲಿ. ಅದನ್ನು ಹೆಚ್ಚಿನವರು ಇನ್ನೊಂದು ಪ್ರತಿ ಎತ್ತಿಡುವುದು ಎಂದೇ ತಿಳಿದಿದ್ದಾರೆ. ನನಗೆ ಗೊತ್ತಿರುವ ಹಿರಿಯರೊಬ್ಬರು ಹೊಸ ಫೋನು ಕೊಂಡು, ಹಳೆಯದನ್ನು ಮೊಮ್ಮಗನಿಗೆ ಕೊಡುವ ಮುನ್ನ ಅದರಲ್ಲಿದ್ದ ನಂಬರುಗಳನ್ನೆಲ್ಲ ಅಳಿಸಿದರು. ಎರಡೂ ಫೋನು ಒಂದೇ ಗೂಗಲ್ ಖಾತೆಯಲ್ಲಿದ್ದುದರಿಂದ ಹೊಸದರಲ್ಲೂ ನಂಬರುಗಳು ಹೋದವು. ಅಂಥ ನಂಬರು 30 ದಿನ ಖಾತೆಯ ಕಸದ ಬುಟ್ಟಿಯಲ್ಲಿ ಇರುತ್ತದೆ, ಅಷ್ಟರೊಳಗೆ ವಾಪಸು ತರಬಹುದು. ಅವರು ಸುಮ್ಮನೆ ಕೂತು ಒಂದೊಂದನ್ನೇ ಕೇಳಿ ಬರೆದುಕೊಳ್ಳುತ್ತಿದ್ದರು. 'ಸಿಂಕ್' ಪದ ಇರಲಿ, ಅದರ ಕೆಳಗೆ "ಎರಡೂ ಕಡೆ ಒಂದೇ ಇರುತ್ತದೆ. ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆ" ಎಂಬ ಸಾಲಿದ್ದಿದ್ದರೆ ಅವರು ಅಳಿಸುತ್ತಿರಲಿಲ್ಲ.

ಫೋನಿನೊಳಗಿನ ಮಾತು ಕಂಪನಿಗಳದ್ದು, ನಾವೇನು ಮಾಡಲಾದೀತು ಎಂದು ಇಲಾಖೆಗಳು ಹೇಳಬಹುದು. ಅರ್ಧ ನಿಜ. ಒಪ್ಪಿಗೆ ಕೇಳುವ ಪೆಟ್ಟಿಗೆಯ ವಾಕ್ಯವನ್ನು ಆ್ಯಪ್ ಮಾಡುವವರು ಬದಲಾಯಿಸಲಾರರು. ಆದರೆ ಅದು ಮೂಡುವ ಮುಂಚೆ ತಮ್ಮದೇ ಒಂದು ಪುಟ ತೋರಿಸಲು ಅಡ್ಡಿಯಿಲ್ಲ. "ಮುಂದೆ ಫೋನು ಒಂದು ಪ್ರಶ್ನೆ ಕೇಳುತ್ತದೆ. ನೀವು ನಿಂತಿರುವ ಹೊಲ ಗುರುತಿಸಲು ಅದಕ್ಕೆ ಹೂಂ ಅನ್ನಿ" ಎಂದು ದಪ್ಪ ಅಕ್ಷರದಲ್ಲಿ ಬರೆಯುವುದು ಇಲಾಖೆಯ ಕೈಯಲ್ಲೇ ಇದೆ. ಆ್ಯಪ್ ಮಾಡಿಕೊಟ್ಟವರಿಗೆ ಬಿಲ್ ಪಾಸು ಮಾಡುವ ಮುನ್ನ, ಇಂಗ್ಲಿಷ್ ಬಾರದ ನಾಲ್ವರು ಹಿರಿಯರ ಕೈಗೆ ಅದನ್ನು ಕೊಟ್ಟು, ಪಕ್ಕದಲ್ಲಿ ಯಾರೂ ಬಾಯಿ ಬಿಡದೆ ನೋಡುವ ಷರತ್ತನ್ನು ಟೆಂಡರಿನಲ್ಲೇ ಸೇರಿಸಲಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ನಾಮಫಲಕಗಳ ಜೊತೆಗೆ ಈ ಪುಟಗಳನ್ನೂ ತರಿಸಿಕೊಂಡು ಓದಲಿ.

ಇಂತಿ,
ನಿಮ್ಮ ಓದುಗ
ಮಾಕಳಿದುರ್ಗ, ದೊಡ್ಡಬಳ್ಳಾಪುರ ತಾಲ್ಲೂಕು